ಗ್ರೂಪ್ ಚಾಟಿನ ದೂರುಗಳಿಂದ ಬಗ್ ಟಿಕೆಟ್: ಒಂದು ಉದ್ರಿ ಆ್ಯಪ್‌ನ ಉದಾಹರಣೆಯೊಂದಿಗೆ

ಸಣ್ಣ ತಂಡಗಳು ಮಾಡಿದ ಆ್ಯಪ್‌ಗಳ ಬಗ್ಗೆ ದೂರು ಬರುವುದು ಹೆಚ್ಚಾಗಿ ವಾಟ್ಸಾಪ್ ಗ್ರೂಪಿಗೆ. ಅಂಗಡಿಯವರು ಗಿರಾಕಿಗೆ ಸಾಮಾನು ಕಟ್ಟಿಕೊಡುತ್ತಲೇ ಒಂದು ಸಾಲು ಬರೆದು ಹಾಕುತ್ತಾರೆ, ಇನ್ನೊಬ್ಬರು "ನಮ್ದೂ ಹಂಗೇ" ಎನ್ನುತ್ತಾರೆ, ಮಧ್ಯೆ ಯಾರೋ ಶುಭೋದಯ ಹೇಳುತ್ತಾರೆ. ಇದನ್ನು ಹಾಗೇ ಡೆವಲಪರ್‌ಗೆ ಫಾರ್ವರ್ಡ್ ಮಾಡಿದರೆ ಕೆಲಸ ನಡೆಯದು. ನಡುವೆ ಯಾರಾದರೂ ಕೂತು, ಬೇರೊಬ್ಬರು ತಮ್ಮ ಮೇಜಿನಲ್ಲಿ ಅದೇ ಬಗ್ಗನ್ನು ಮತ್ತೆ ಬರಿಸಿ ನೋಡುವಂಥ ಟಿಕೆಟ್ ಬರೆಯಬೇಕು. ಆ ನಡುವಿನ ಕೆಲಸ ಹೇಗೆ ಎಂಬುದನ್ನು ಒಂದೇ ಒಂದು ಉದಾಹರಣೆ ಹಿಡಿದು ಕೊನೆವರೆಗೂ ನೋಡೋಣ.

ಉದಾಹರಣೆ ಇದು: ಕಿರಾಣಿ ಅಂಗಡಿಗಳ ಉದ್ರಿ ಲೆಕ್ಕ ಇಡುವ ಆ್ಯಪ್. ಕೆಳಗಿನ ಚಾಟನ್ನು ಈ ಬರಹಕ್ಕಾಗಿಯೇ ಹೆಣೆದದ್ದು. ಅದರೊಳಗಿನ ಬಗ್ ಮಾತ್ರ ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರಿಗೆ ಇವತ್ತಲ್ಲ ನಾಳೆ ಎದುರಾಗುವಂಥದ್ದು.

```
1 14/07/25, 9:12 am - ಗದಗ ಅಂಗಡಿ: ಸರ್ ನಿನ್ನಿಯಿಂದ ಗಿರಾಕಿ ಹೆಸ್ರು ಅಳಿಸಿ ಹೋಗ್ಯಾವ್ರಿ
2 14/07/25, 9:13 am - ಗದಗ ಅಂಗಡಿ: <Media omitted>
3 14/07/25, 9:20 am - ಹಾಸನ ಅಂಗಡಿ: ನಮ್ದೂ ಹಂಗೇ ಆಗಿದೆ ಅಣ್ಣ
4 14/07/25, 9:26 am - ಹಾಸನ ಅಂಗಡಿ: ಬಿಲ್ ಪಿಡಿಎಫ್ ಓಪನ್ ಆಗ್ತಿಲ್ಲ
5 14/07/25, 9:31 am - ಸಪೋರ್ಟ್: ಆ್ಯಪ್ ಅಪ್‌ಡೇಟ್ ಮಾಡಿ ನೋಡಿ
6 14/07/25, 9:58 am - ಗದಗ ಅಂಗಡಿ: ಮಾಡೇನ್ರಿ. ಮಂಜುನಾಥ್ ಸಿಗವಲ್ಲ. ಬಸವರಾಜ ಸಿಗ್ತಾನ
7 14/07/25, 10:05 am - ತುಮಕೂರು ಅಂಗಡಿ: ನನಗೆ ಸರಿಯಾಗೇ ಬರ್ತಿದೆ
8 14/07/25, 10:40 am - ಗದಗ ಅಂಗಡಿ: ಈಗ ಮಂಜುನಾಥ್ ಇಬ್ರು ಆಗ್ಯಾರ. ಒಬ್ಬಂದು ಬಾಕಿ 1840, ಇನ್ನೊಬ್ಬಂದು 0
9 14/07/25, 11:02 am - ಹಾಸನ ಅಂಗಡಿ: ಕಿರಣ್ ಕೂಡ ಸಿಗ್ತಿಲ್ಲ. ಹೊಸ ಫೋನ್ ತಗೊಂಡ್ಮೇಲೆ ಹಿಂಗೆ
```

ಮೊದಲ ಹಂತ: ಚಾಟನ್ನು ಫೈಲಾಗಿ ಇಳಿಸಿ, ಕೈಯಿಂದ ಮತ್ತೆ ಬರೆಯಬೇಡಿ

ಆಂಡ್ರಾಯ್ಡ್ ಫೋನಿನಲ್ಲಿ ಚಾಟಿನ ಮೂರು ಚುಕ್ಕಿ ಒತ್ತಿ `More`, ಆಮೇಲೆ `Export chat` ಆರಿಸಿದರೆ ಒಂದು `.txt` ಫೈಲ್ ಸಿಗುತ್ತದೆ. ಮೂಲ ಪ್ರತಿಯನ್ನು ಮುಟ್ಟದೆ ಪಕ್ಕಕ್ಕಿಡಿ. ಇನ್ನೊಂದು ಪ್ರತಿಯಲ್ಲಿ ಬೇಕಾದ ಭಾಗವನ್ನಷ್ಟೇ ಉಳಿಸಿಕೊಂಡು, ಮೇಲೆ ಮಾಡಿದಂತೆ ಸಾಲುಗಳಿಗೆ ಸಂಖ್ಯೆ ಕೊಡಿ. ಟಿಕೆಟಿನಲ್ಲಿ "ಸಾಲು 6 ನೋಡಿ" ಎಂದು ಬರೆಯಲು ಅನುಕೂಲ.

ಈ ಫೈಲ್ ಚಾಟಿನ ಎಲ್ಲವನ್ನೂ ಹೊತ್ತು ತರುವುದಿಲ್ಲ. ಯಾರು ಯಾವ ಸಂದೇಶಕ್ಕೆ ಉತ್ತರ ಕೊಟ್ಟರು ಎಂಬ ಕೊಂಡಿ ಇದರಲ್ಲಿ ಇರುವುದಿಲ್ಲ. ಹಾಸನದವರ "ಹಂಗೇ ಆಗಿದೆ" ಯಾವುದಕ್ಕೆ ಹೇಳಿದ್ದು ಎಂದು ಫೈಲ್ ನೋಡಿ ತಿಳಿಯದು. ಫೋನಿನಲ್ಲೇ ಮೂಲ ಚಾಟ್ ತೆರೆದು ನೋಡಬೇಕು. ಮೀಡಿಯಾ ಬಿಟ್ಟು ಇಳಿಸಿದ್ದರೆ ಚಿತ್ರದ ಜಾಗದಲ್ಲಿ `<Media omitted>` ಮಾತ್ರ ಉಳಿಯುತ್ತದೆ. ದಿನಾಂಕ ಯಾವ ರೂಪದಲ್ಲಿ ಬರುತ್ತದೆ ಎಂಬುದೂ ಇಳಿಸಿದ ಫೋನಿನ ಸೆಟ್ಟಿಂಗಿಗೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ `07/08/25` ಕಂಡರೆ ಅದು ಆಗಸ್ಟೋ ಜುಲೈಯೋ ಎಂದು ಹಿಂದುಮುಂದಿನ ಸಾಲು ನೋಡಿ ಖಚಿತಪಡಿಸಿಕೊಳ್ಳಿ. "ನಿನ್ನೆ" ಎಂದಿದ್ದರೆ ಅದನ್ನು ಕೂಡಲೇ ತಾರೀಖಿಗೆ ತಿರುಗಿಸಿ. ಇಲ್ಲಿ ಅದು 13/07/2025. ಟಿಕೆಟ್ ಎರಡು ವಾರ ಬಿದ್ದಿದ್ದರೆ "ನಿನ್ನೆ"ಗೆ ಅರ್ಥವೇ ಇರುವುದಿಲ್ಲ.

ಕೈಯಿಂದ ಮತ್ತೆ ಬರೆಯಬೇಡಿ ಎಂದದ್ದಕ್ಕೆ ಕಾರಣ ಮುಂದೆ ಬರುತ್ತದೆ. ಈ ಬಗ್ಗಿನ ಸಾಕ್ಷಿ ಚಾಟಿನ ಅಕ್ಷರಗಳಲ್ಲೇ ಇದೆ, ಕಣ್ಣಿಗೆ ಕಾಣದಂತೆ.

ಎರಡನೆಯ ಹಂತ: ಕಂಡದ್ದು ಯಾವುದು, ಊಹಿಸಿದ್ದು ಯಾವುದು

ಒಂದೊಂದು ಸಾಲನ್ನೂ ಓದಿ ಪಕ್ಕದಲ್ಲಿ ಗುರುತು ಹಾಕಿ: ಇದು ಪರದೆಯ ಮೇಲೆ ಕಂಡದ್ದೇ, ಅಥವಾ ಕಂಡದ್ದಕ್ಕೆ ಅವರು ಕೊಟ್ಟ ಕಾರಣವೇ?

ಸಾಲು 1 ಪೂರ್ತಿ ಊಹೆ. ಹೆಸರು ಅಳಿಸಿ ಹೋಗುವುದನ್ನು ಯಾರೂ ಕಂಡಿಲ್ಲ, ಹುಡುಕಿದಾಗ ಸಿಗಲಿಲ್ಲ ಅಷ್ಟೆ. ಈ ಸಾಲನ್ನೇ ಟಿಕೆಟಿನ ತಲೆಬರಹ ಮಾಡಿದರೆ ಡೆವಲಪರ್ ಡೇಟಾ ಕಳೆದುಹೋಗಿದೆ ಎಂದು ಗಾಬರಿಯಾಗಿ ಬ್ಯಾಕಪ್ ಕಡೆ ಓಡುತ್ತಾರೆ, ಅರ್ಧ ದಿನ ಅಲ್ಲೇ ಹೋಗುತ್ತದೆ. ಕಂಡದ್ದು ಇರುವುದು ಸಾಲು 6ರಲ್ಲಿ: ಒಂದು ಹೆಸರು ಸಿಗುವುದಿಲ್ಲ, ಇನ್ನೊಂದು ಸಿಗುತ್ತದೆ. ಸಾಲು 8 ಕೂಡ ಕಂಡದ್ದೇ, ಅದರಲ್ಲಿ ಅಂಕಿಯೂ ಇದೆ. ಬಾಕಿ 1840 ಇರುವ ಖಾತೆ ಇನ್ನೂ ಇದೆ ಎಂದಮೇಲೆ ಏನೂ ಅಳಿಸಿಹೋಗಿಲ್ಲ ಎಂಬುದು ಆ ಸಾಲಿನಿಂದಲೇ ಗೊತ್ತಾಗುತ್ತದೆ.

ಸಾಲು 7ನ್ನು ಓದುವಾಗ ಬಹಳ ಜನ ದಾಟಿ ಮುಂದೆ ಹೋಗುತ್ತಾರೆ. "ನನಗೆ ಸರಿಯಾಗೇ ಬರ್ತಿದೆ" ಎನ್ನುವುದು ದೂರಲ್ಲ ನಿಜ, ಆದರೆ ಬಗ್ ಹುಡುಕುವವರಿಗೆ ದೂರಿಗಿಂತ ಹೆಚ್ಚು ಉಪಯೋಗ ಅದರಿಂದ. ಬಸವರಾಜ ಸಿಗುತ್ತಾನೆ, ಮಂಜುನಾಥ್ ಮತ್ತು ಕಿರಣ್ ಸಿಗುವುದಿಲ್ಲ. ಗದಗ, ಹಾಸನದಲ್ಲಿ ತೊಂದರೆ, ತುಮಕೂರಿನಲ್ಲಿ ಇಲ್ಲ. ಸಿಕ್ಕವುಗಳಿಗೂ ಸಿಗದವುಗಳಿಗೂ ನಡುವೆ ಇರುವ ವ್ಯತ್ಯಾಸವೇ ನಿಮ್ಮ ಮುಂದಿನ ಪ್ರಶ್ನೆ. ಹೆಸರುಗಳನ್ನು ಜೋರಾಗಿ ಓದಿದರೂ ಸಾಕು: ಸಿಗದವೆರಡೂ ಅರ್ಧಾಕ್ಷರದಲ್ಲಿ ಮುಗಿಯುತ್ತವೆ.

ಇನ್ನು ಸಾಲು 5. ಅದು ನಮ್ಮವರೇ ಕೊಟ್ಟ ಸಲಹೆ. ಅಪ್‌ಡೇಟ್ ಮಾಡಿಸಿದ್ದರಿಂದ ಬಗ್ ಮೊದಲು ಕಂಡ ಆವೃತ್ತಿ ಯಾವುದು ಎನ್ನುವುದು ಈಗ ಆ ಫೋನಿನಲ್ಲಿ ಉಳಿದಿಲ್ಲ. ಆವೃತ್ತಿ ಕೇಳಿಕೊಂಡ ಮೇಲೆ ಅಪ್‌ಡೇಟ್ ಮಾಡಿಸುವುದು ಒಳ್ಳೆಯ ಅಭ್ಯಾಸ.

ಮೂರನೆಯ ಹಂತ: ಎಳೆ ಬೇರೆ ಮಾಡುವುದು

ಸಾಲು 4ರ ಪಿಡಿಎಫ್ ದೂರಿಗೂ ಹೆಸರು ಸಿಗದಿರುವುದಕ್ಕೂ ಸಂಬಂಧ ಇರುವಂತೆ ಕಾಣುವುದಿಲ್ಲ. ಒಬ್ಬರೇ ಹೇಳಿದರು, ಒಂದೇ ಬೆಳಿಗ್ಗೆ ಹೇಳಿದರು ಎಂದು ಒಂದೇ ಟಿಕೆಟಿಗೆ ಸೇರಿಸಬೇಡಿ. ಎರಡು ಬಗ್ ಇರುವ ಟಿಕೆಟಿನಲ್ಲಿ ಒಂದು ಸರಿಯಾದಾಗ ಅದನ್ನು ಮುಚ್ಚುವುದೋ ಬಿಡುವುದೋ ಎಂಬ ಗೊಂದಲ ಶುರುವಾಗಿ, ಎರಡನೆಯದು ಮರೆತೇ ಹೋಗುತ್ತದೆ. ಪಿಡಿಎಫ್ ಎಳೆಯನ್ನು ಬೇರೆ ಬರೆದಿಟ್ಟು ಹಾಸನದವರನ್ನು ಪ್ರತ್ಯೇಕವಾಗಿ ಕೇಳಿ. ಹೊಸ ಫೋನ್ ಅನ್ನುತ್ತಿದ್ದಾರೆ. ಪಿಡಿಎಫ್ ತೆರೆಯುವ ಆ್ಯಪ್ ಅದರಲ್ಲಿ ಇಲ್ಲದಿದ್ದರೂ ಹೀಗೇ ಆಗುತ್ತದೆ.

ಹಾಗೆಯೇ, ಇಬ್ಬರು ಹೇಳಿದ್ದು ಒಂದೇ ಬಗ್ ಎಂದು ಮೊದಲೇ ನಂಬಬೇಡಿ. ಸಾಲು 3ನ್ನು ಮಾತ್ರ ನೋಡಿದರೆ ಹಾಸನದವರನ್ನು ಗದಗದವರ ಜೊತೆ ಸೇರಿಸಲು ಆಧಾರವಿಲ್ಲ. ಸಾಲು 9 ಬಂದಮೇಲೆ ಆಧಾರ ಸಿಕ್ಕಿತು.

ನಾಲ್ಕನೆಯ ಹಂತ: ಕಡಿಮೆ ಕೇಳಿ, ಸರಿಯಾಗಿ ಕೇಳಿ

ಅಂಗಡಿಯವರಿಗೆ ಹತ್ತು ಪ್ರಶ್ನೆಯ ಫಾರಂ ಕಳಿಸಿದರೆ ಉತ್ತರ ಬರುವುದಿಲ್ಲ, ಮುಂದಿನ ಸಲ ದೂರೂ ಬರುವುದಿಲ್ಲ. ಎರಡು ಮೂರು ಪ್ರಶ್ನೆ ಸಾಕು. ಉತ್ತರವನ್ನು ಬಾಯಿಗೆ ಹಾಕುವಂತೆ ಕೇಳಬಾರದು ಅಷ್ಟೆ. "ಕೀಬೋರ್ಡ್ ಬದಲಾಯಿಸಿದ್ದೀರಾ?" ಎಂದರೆ "ಇಲ್ಲ ಸರ್" ಎಂದು ಮುಗಿಸುತ್ತಾರೆ, ಏಕೆಂದರೆ ಅದು ತಮ್ಮ ತಪ್ಪು ಎಂಬ ಧ್ವನಿ ಅದರಲ್ಲಿದೆ. ಹೀಗೆ ಕೇಳಿ ನೋಡಿ:

"ಅಣ್ಣಾರ, ಮಂಜುನಾಥ್ ಅಂತ ಮೊದಲನೇ ಸಲ ಖಾತೆ ತೆರೆದಾಗ ಯಾವ ಫೋನಿನಾಗ ಬರೆದಿದ್ರಿ? ಈಗ ಹುಡುಕೋದು ಯಾವುದರಾಗ? ಒಂದು ಸಲ ಬರೀ 'ಮಂಜು' ಅಂತ ಬರೆದು ಏನು ಬರ್ತದ ಹೇಳ್ರಿ. ಪರದೆ ರೆಕಾರ್ಡ್ ಮಾಡಿ ಕಳಿಸಿದ್ರ ಇನ್ನೂ ಚಲೋ."

ನಮ್ಮ ಉದಾಹರಣೆಯಲ್ಲಿ ಬಂದ ಉತ್ತರ: ಖಾತೆ ತೆರೆದದ್ದು ಅಂಗಡಿಯ ಹಳೆಯ ಫೋನಿನಲ್ಲಿ. ಭಾನುವಾರದಿಂದ ಮಗನ ಫೋನಿನಲ್ಲಿ ಹುಡುಕುತ್ತಿದ್ದಾರೆ. "ಮಂಜು" ಎಂದು ಬರೆದರೆ ಹೆಸರು ಬರುತ್ತದೆ, ಪೂರ್ತಿ ಬರೆದ ಕೂಡಲೇ ಮಾಯ. ಹಾಸನದ್ದೂ ಹೊಸ ಫೋನಿನ ಕಥೆ. ತುಮಕೂರಿನವರು ಮೊದಲಿನಿಂದಲೂ ಒಂದೇ ಫೋನು, ಒಂದೇ ಕೀಬೋರ್ಡು.

ಮೂರನೆಯ ಪ್ರಶ್ನೆಯೇ ಬಾಗಿಲು ತೆರೆದದ್ದು. ಅರ್ಧ ಬರೆದಾಗ ಇದ್ದು ಪೂರ್ತಿ ಬರೆದಾಗ ಹೋಗುವುದಾದರೆ, ಕೊನೆಯಲ್ಲಿ ಏನೋ ಸೇರಿಕೊಳ್ಳುತ್ತಿದೆ ಎಂದಾಯಿತು.

ಐದನೆಯ ಹಂತ: ನೀವೇ ಒಮ್ಮೆ ಬರಿಸಿ ನೋಡಿ

ಕನ್ನಡದಲ್ಲಿ ಅರ್ಧಾಕ್ಷರವನ್ನು ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಂತೆ ತಡೆಯಲು ಯೂನಿಕೋಡ್‌ನಲ್ಲಿ ಒಂದು ಕಾಣದ ಅಕ್ಷರ ಇದೆ: `U+200C`, ಜೀರೋ ವಿಡ್ತ್ ನಾನ್ ಜಾಯ್ನರ್. "ರಾಜ್‌ಕುಮಾರ್" ಎಂಬಲ್ಲಿ "ಜ್" ಬಿಡಿಯಾಗಿ ನಿಲ್ಲಬೇಕಾದರೆ ಅದು ಬೇಕೇ ಬೇಕು. ಆದರೆ ಕೆಲವು ಕೀಬೋರ್ಡುಗಳು ಮತ್ತು ಫಾಂಟ್ ಪರಿವರ್ತಕಗಳು ಪದದ ಕೊನೆಯ ಅರ್ಧಾಕ್ಷರದ ನಂತರವೂ ಅದನ್ನು ಸೇರಿಸುತ್ತವೆ. ಅಲ್ಲಿ ಅದರಿಂದ ಕಣ್ಣಿಗೆ ಯಾವ ಬದಲಾವಣೆಯೂ ಕಾಣದು. ಕಂಪ್ಯೂಟರಿಗೆ ಮಾತ್ರ ಅವು ಎರಡು ಬೇರೆ ಹೆಸರು.

ಊಹೆಯನ್ನು ಪರೀಕ್ಷಿಸಲು ಬೇಕಾದದ್ದು ಆಗಲೇ ನಿಮ್ಮ ಕೈಯಲ್ಲಿದೆ. ಗದಗದವರು ಗ್ರೂಪಿಗೆ ಬರೆದದ್ದೂ ಅದೇ ಫೋನಿನಿಂದಲೇ ಆಗಿದ್ದರೆ, ಇಳಿಸಿದ ಫೈಲಿನಲ್ಲಿ ಆ ಕಾಣದ ಅಕ್ಷರ ಕೂತಿರುತ್ತದೆ. ಪೈಥಾನ್‌ನಲ್ಲಿ ಹುಡುಕಿ:

```python
for n, s in enumerate(open("chat.txt", encoding="utf-8"), 1):
    if "\u200c" in s:
        print(n, ascii(s))
```

ಸಾಲು 6ರ ಹೆಸರಿನ ಕೊನೆಯಲ್ಲಿ `\u0ca5\u0ccd\u200c` ಎಂದು ಬಂದರೆ ಊಹೆ ಗಟ್ಟಿಯಾಯಿತು. `\u0ca5` ಎಂದರೆ ಥ, `\u0ccd` ಹಲಂತ, ಕೊನೆಯದೇ ನಮ್ಮ ಕಳ್ಳ. "ಅಪ್‌ಡೇಟ್"ನಂಥ ಪದದ ನಡುವೆ ಅದು ಕಂಡರೆ ತಲೆಕೆಡಿಸಿಕೊಳ್ಳಬೇಡಿ, ಅಲ್ಲಿ ಅದು ಇರಬೇಕಾದ್ದೇ. ಈಗ ಯೋಚಿಸಿ: ಚಾಟನ್ನು ಓದಿ, ನಿಮ್ಮ ಕೀಬೋರ್ಡಿನಲ್ಲಿ "ಮಂಜುನಾಥ್" ಎಂದು ಟಿಕೆಟಿನಲ್ಲಿ ಹೊಸದಾಗಿ ಬರೆದಿದ್ದರೆ ಈ ಸಾಕ್ಷಿ ಅಲ್ಲೇ ಸಾಯುತ್ತಿತ್ತು. ಸ್ಕ್ರೀನ್‌ಶಾಟಿನಲ್ಲೂ ಅದು ಸಿಗದು.

ಎರಡು ಹೆಸರು ಬೇರೆ ಎಂಬುದನ್ನು ತೋರಿಸಲು ಇಷ್ಟು ಸಾಕು:

```python
a = "ಮಂಜುನಾಥ್"
b = a + "\u200c"
print(a == b, len(a), len(b))   # False 8 9
print(b.strip() == a)           # False
```

ಕೊನೆಯ ಸಾಲನ್ನು ಬೇಕೆಂದೇ ಸೇರಿಸಿದ್ದು. "ಹಿಂದೆಮುಂದಿನ ಖಾಲಿ ಜಾಗ ನಾವು ಆಗಲೇ ತೆಗೆಯುತ್ತೇವೆ" ಎಂದು ಡೆವಲಪರ್ ಹೇಳುವುದು ಸಹಜ. `strip()` ಇದನ್ನು ಖಾಲಿ ಜಾಗ ಎಂದು ಎಣಿಸುವುದಿಲ್ಲ, ಜಾವಾಸ್ಕ್ರಿಪ್ಟ್‌ನ `trim()` ಕೂಡ ಅಷ್ಟೇ. ಯೂನಿಕೋಡ್ ನಾರ್ಮಲೈಸ್ ಮಾಡಿದರೂ ಇದು ಉಳಿಯುತ್ತದೆ.

ಆಮೇಲೆ ಆ್ಯಪ್‌ನಲ್ಲೇ ಬರಿಸಿ. ಟೆಸ್ಟ್ ಖಾತೆಯೊಂದರಲ್ಲಿ `a` ಹೆಸರಿನ ಗಿರಾಕಿಯನ್ನು ಸೇರಿಸಿ, ಹುಡುಕುವ ಜಾಗದಲ್ಲಿ `b`ಯನ್ನು ಅಂಟಿಸಿ. ಸಿಗದಿದ್ದರೆ ಬಗ್ ನಿಮ್ಮ ಕೈಗೆ ಬಂತು. ತಿರುಗಿಸಿಯೂ ನೋಡಿ: `b` ಉಳಿಸಿ `a` ಹುಡುಕಿದರೆ ಹೆಸರು ಸಿಗಬಹುದು, ಏಕೆಂದರೆ ಬರೆದ ತುಣುಕು ಹೆಸರಿನ ಒಳಗೆ ಇದೆಯೇ ಎಂದು ನೋಡುವ ಹುಡುಕಾಟದಲ್ಲಿ ಚಿಕ್ಕದು ದೊಡ್ಡದರೊಳಗೆ ಸಿಗುತ್ತದೆ, ದೊಡ್ಡದು ಚಿಕ್ಕದರೊಳಗೆ ಸಿಗುವುದಿಲ್ಲ. ಈ ದಿಕ್ಕನ್ನು ಹಂತಗಳಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಡೆವಲಪರ್ ಉಲ್ಟಾ ಮಾಡಿ ನೋಡಿ "ನನ್ನ ಬಳಿ ಸರಿ ಇದೆ" ಎಂದು ಟಿಕೆಟ್ ಮುಚ್ಚುತ್ತಾರೆ. ಅವರ ತಪ್ಪೂ ಅಲ್ಲ ಅದು.

ಇಬ್ಬರು ಮಂಜುನಾಥ್ ಆದದ್ದಕ್ಕೂ ಉತ್ತರ ಇಲ್ಲೇ ಇದೆ. ಹೆಸರು ಸಿಗಲಿಲ್ಲ, ಅಂಗಡಿಯವರು "ಹೊಸ ಗಿರಾಕಿ ಸೇರಿಸಿ" ಒತ್ತಿದರು, ಅದೇ ಹೆಸರು ಆಗಲೇ ಇದೆಯೇ ಎಂದು ಆ್ಯಪ್ ಹೋಲಿಸಿ ನೋಡಿ "ಇಲ್ಲ" ಎಂದಿತು. ಇನ್ನು ಮುಂದೆ ಮಂಜುನಾಥ್ ಕೊಟ್ಟ ದುಡ್ಡು ಒಂದು ಖಾತೆಗೆ, ಅವನ ಸಾಲ ಇನ್ನೊಂದರಲ್ಲಿ. ಟಿಕೆಟಿನ ತುರ್ತು ಎಷ್ಟು ಎಂದು ನಿರ್ಧರಿಸುವುದು ಈ ಲೆಕ್ಕದ ಗೋಜಲು. ಹುಡುಕಾಟದ ಕಿರಿಕಿರಿ ಆಮೇಲಿನ ಮಾತು.

ಆರನೆಯ ಹಂತ: ಟಿಕೆಟ್ ಬರೆಯುವುದು

```
ತಲೆಬರಹ: ಹೆಸರಿನ ಕೊನೆಯಲ್ಲಿ U+200C ಇದ್ದರೆ ಇರುವ ಗಿರಾಕಿ ಸಿಗುವುದಿಲ್ಲ,
         ಅದೇ ಹೆಸರಿನ ಎರಡನೇ ಖಾತೆ ತೆರೆಯಲು ಆಗುತ್ತದೆ

ಮೊದಲಿನ ಸ್ಥಿತಿ: ಟೆಸ್ಟ್ ಅಂಗಡಿ, ಗಿರಾಕಿ ಪಟ್ಟಿ ಖಾಲಿ

ಹಂತಗಳು:
1. "ಹೊಸ ಗಿರಾಕಿ ಸೇರಿಸಿ" ಒತ್ತಿ, ಹೆಸರು "ಮಂಜುನಾಥ್" (ಕೊನೆ: 0CA5 0CCD), ಬಾಕಿ 100, ಉಳಿಸಿ
2. ಗಿರಾಕಿ ಪಟ್ಟಿಗೆ ಹೋಗಿ, ಹುಡುಕುವಲ್ಲಿ "ಮಂಜು" ಬರೆಯಿರಿ: ಹೆಸರು ಬರುತ್ತದೆ
3. ಅದನ್ನು ಅಳಿಸಿ, "ಮಂಜುನಾಥ್" + U+200C ಅಂಟಿಸಿ (ಕೊನೆ: 0CA5 0CCD 200C)
4. "ಹೊಸ ಗಿರಾಕಿ ಸೇರಿಸಿ" ಒತ್ತಿ, ಹಂತ 3ರ ಹೆಸರನ್ನೇ ಕೊಟ್ಟು ಉಳಿಸಿ

ಆಗಬೇಕಾದದ್ದು:
ಹಂತ 3ರಲ್ಲಿ ಬಾಕಿ 100ರ ಖಾತೆ ಕಾಣಬೇಕು.
ಹಂತ 4ರಲ್ಲಿ "ಈ ಹೆಸರಿನ ಗಿರಾಕಿ ಇದ್ದಾರೆ" ಎಂಬ ಈಗಿರುವ ಎಚ್ಚರಿಕೆ ಬರಬೇಕು.

ಆದದ್ದು:
ಹಂತ 3: "ಯಾವುದೇ ಗಿರಾಕಿ ಸಿಗಲಿಲ್ಲ"
ಹಂತ 4: ಎಚ್ಚರಿಕೆ ಇಲ್ಲದೆ ಬಾಕಿ 0ರ ಎರಡನೇ ಖಾತೆ ಉಳಿಯಿತು

ಎಷ್ಟು ಸಲ: ಪ್ರತಿ ಸಲ
ಮೂಲ: ಚಾಟ್ 14/07/2025, ಸಾಲು 6, 8, 9. ಬಾರದ ಕಡೆ: ಸಾಲು 7
```

ಎರಡನೆಯ ಹಂತ ಬಗ್ ಬರಿಸಲು ಬೇಕಿಲ್ಲ. ಆದರೂ ಇರಲಿ. ಅಲ್ಲಿಯವರೆಗೆ ಎಲ್ಲ ಸರಿ ಇದೆ ಎಂದು ಅದು ತೋರಿಸುತ್ತದೆ, ಮಾಡಿ ನೋಡುವವರು ದಾರಿ ತಪ್ಪಿದ್ದರೆ ಅಲ್ಲೇ ತಿಳಿಯುತ್ತದೆ. ಹೆಸರಿನ ಪಕ್ಕ ಅಕ್ಷರ ಸಂಕೇತ ಕೊಟ್ಟದ್ದೇಕೆಂದರೆ, ಕಾಪಿ ಪೇಸ್ಟ್ ಮಾಡುವಾಗ ಕಾಣದ ಅಕ್ಷರ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ.

"ಆಗಬೇಕಾದದ್ದು" ಎಂಬಲ್ಲಿ "ಸರಿಯಾಗಿ ಕೆಲಸ ಮಾಡಬೇಕು" ಎಂದು ಬರೆದ ಟಿಕೆಟುಗಳು ಎಷ್ಟೋ ಇವೆ. ಅದು ಏನನ್ನೂ ಹೇಳುವುದಿಲ್ಲ. ಯಾವ ಹಂತದಲ್ಲಿ, ಪರದೆಯ ಮೇಲೆ ಏನು ಕಾಣಬೇಕು ಎಂದು ಬರೆಯಿರಿ. ಆ ನಿರೀಕ್ಷೆ ಎಲ್ಲಿಂದ ಬಂತು ಎಂಬುದೂ ನಿಮಗೆ ಗೊತ್ತಿರಲಿ. ಇಲ್ಲಿ ಆ್ಯಪ್‌ನಲ್ಲಿ ಆಗಲೇ ಇರುವ ಎಚ್ಚರಿಕೆಯೇ ಆಧಾರ. ಅಂಥ ಆಧಾರ ಯಾವುದೂ ಸಿಗದಿದ್ದರೆ ಅದು ಬಗ್ ಅಲ್ಲ, ಹೊಸ ಬೇಡಿಕೆ ಇರಬಹುದು. "ಆದದ್ದು" ಎಂಬಲ್ಲಿ ಪರದೆಯ ಮಾತನ್ನು ಅಕ್ಷರ ಬಿಡದೆ ಕೊಡಿ, ಡೆವಲಪರ್ ಅದನ್ನೇ ಕೋಡಿನಲ್ಲಿ ಹುಡುಕುತ್ತಾರೆ.

ನಿಜವಾದ ಗಿರಾಕಿಯ ಹೆಸರು, ಬಾಕಿ, ಫೋನ್ ನಂಬರ್ ಟಿಕೆಟಿಗೆ ಬರಬಾರದು. ಅದಕ್ಕೇ ಟೆಸ್ಟ್ ಅಂಗಡಿ ಮತ್ತು ಬಾಕಿ 100. ಸ್ಕ್ರೀನ್‌ಶಾಟ್ ಹಾಕುವುದಿದ್ದರೆ ಉಳಿದ ಹೆಸರುಗಳನ್ನು ಮುಚ್ಚಿ.

ಕಾರಣ ಏನು, ಹೇಗೆ ಸರಿಮಾಡಬಹುದು ಎಂಬ ನಿಮ್ಮ ಅಭಿಪ್ರಾಯ ಇದ್ದರೆ ಕೊನೆಯಲ್ಲಿ "ಟಿಪ್ಪಣಿ" ಎಂದು ಬೇರೆ ಬರೆಯಿರಿ. ಈ ಬಗ್ಗಿಗೆ ನನ್ನ ಟಿಪ್ಪಣಿ ಹೀಗಿರುತ್ತಿತ್ತು: ಉಳಿಸಿದ ಹೆಸರಿನಿಂದ ಆ ಅಕ್ಷರವನ್ನು ಕಿತ್ತುಹಾಕಬೇಡಿ, ರಾಜ್‌ಕುಮಾರ್ ಕೆಟ್ಟು ಕಾಣುತ್ತಾನೆ, ಹೋಲಿಸಲಿಕ್ಕೆ ಮಾತ್ರ `U+200C`, ಅದರಂತೆಯೇ ಕಣ್ಣಿಗೆ ಕಾಣದ `U+200D` ಎರಡನ್ನೂ ತೆಗೆದ ಇನ್ನೊಂದು ರೂಪ ಇಟ್ಟುಕೊಳ್ಳಿ.

ಏಳನೆಯ ಹಂತ: ಇದರಿಂದ ಟೆಂಪ್ಲೇಟ್

ಟೆಂಪ್ಲೇಟನ್ನು ಎಲ್ಲಿಂದಲೋ ಎತ್ತಿ ತಂದರೆ ಬ್ರೌಸರ್, ಪರದೆಯ ಅಳತೆ ಎಂದು ಯಾರೂ ತುಂಬದ ಖಾನೆಗಳು ಸೇರಿಕೊಳ್ಳುತ್ತವೆ. ನೀವು ಹಿಂದಕ್ಕೆ ಹೋಗಿ ಏನೇನು ಕೇಳಬೇಕಾಯಿತು ಎಂಬುದನ್ನು ನೋಡಿ ಖಾನೆ ಮಾಡಿ. ನಾವು ಕೇಳಿದ್ದು: ಡೇಟಾ ಹುಟ್ಟಿದ್ದು ಎಲ್ಲಿ, ಈಗ ಬಳಸುವುದು ಎಲ್ಲಿ, ಯಾವುದರಲ್ಲಿ ಸರಿ ಬರುತ್ತದೆ. ಈ ಮೂರು ಖಾನೆ ಸಿದ್ಧ ಟೆಂಪ್ಲೇಟುಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಆದರೆ ಎರಡು ಮೂರು ಫೋನ್ ಬಳಸುವ ಅಂಗಡಿಗಳ ಆ್ಯಪ್‌ಗೆ ಇವೇ ಮುಖ್ಯ. ಗಿಟ್‌ಹಬ್ ಬಳಸುವವರು ಇದನ್ನು `.github/ISSUE_TEMPLATE/bug_report.md` ಎಂಬ ಫೈಲಾಗಿ ಇಟ್ಟರೆ ಹೊಸ ಟಿಕೆಟ್ ತೆರೆಯುವಾಗ ಆರಿಸಿಕೊಳ್ಳಲು ಸಿಗುತ್ತದೆ:

```markdown
---
name: ಬಗ್ ವರದಿ
about: ಚಾಟಿನಲ್ಲಿ ಬಂದ ದೂರು, ಬರಿಸಿ ನೋಡಿದ ಮೇಲೆ
labels: bug
---
**ಆ್ಯಪ್ ಆವೃತ್ತಿ, ಫೋನ್, ಕೀಬೋರ್ಡ್:**
**ಡೇಟಾ ಮೊದಲು ಬರೆದದ್ದು ಯಾವುದರಲ್ಲಿ:**
**ಮೊದಲಿನ ಸ್ಥಿತಿ:**

**ಹಂತಗಳು:**
1.

**ಆಗಬೇಕಾದದ್ದು (ಯಾವ ಹಂತದಲ್ಲಿ):**
**ಆದದ್ದು (ಪರದೆಯ ಮಾತು ಹಾಗೇ):**
**ಯಾವುದರಲ್ಲಿ ಈ ತೊಂದರೆ ಬರುವುದಿಲ್ಲ:**
**ಎಷ್ಟು ಸಲ:** ಪ್ರತಿ ಸಲ / ಕೆಲವು ಸಲ / ಇನ್ನೂ ಬರಿಸಲಾಗಿಲ್ಲ
**ಮೂಲ: ಚಾಟ್ ತಾರೀಖು, ಸಾಲು:**
**ಟಿಪ್ಪಣಿ (ಊಹೆ ಇಲ್ಲಿ ಮಾತ್ರ):**
```

ಗಿಟ್‌ಲ್ಯಾಬ್ ಆದರೆ `.gitlab/issue_templates/` ಫೋಲ್ಡರಿಗೆ, ಮೇಲಿನ `---` ನಡುವಿನ ಭಾಗ ಬಿಟ್ಟು.

ಇದನ್ನು ತುಂಬಬೇಕಾದವರು ಅಂಗಡಿಯವರಲ್ಲ, ನಡುವೆ ಕೂತ ನೀವು. ಗ್ರೂಪಿನಲ್ಲಿ ಪಿನ್ ಮಾಡಲು ಒಂದೇ ಸಂದೇಶ ಸಾಕು: ಏನು ಒತ್ತಿದಿರಿ, ಏನು ಬಂತು, ಯಾವ ಫೋನು.

"ಇನ್ನೂ ಬರಿಸಲಾಗಿಲ್ಲ" ಎಂಬ ಆಯ್ಕೆಯನ್ನು ಬೇಕೆಂದೇ ಇಟ್ಟಿದ್ದೇನೆ. ಎಷ್ಟು ಮಾಡಿದರೂ ಬರದ ಬಗ್ಗುಗಳಿರುತ್ತವೆ, ಅವಕ್ಕೆ ಹಂತಗಳನ್ನು ಕಲ್ಪಿಸಿ ಬರೆಯುವ ಆಸೆ ಹುಟ್ಟುತ್ತದೆ. ಬೇಡ. ಹಂತಗಳ ಜಾಗದಲ್ಲಿ ಏನೇನು ಮಾಡಿ ನೋಡಿದಿರಿ, ಯಾವುದರಲ್ಲಿ ಬರಲಿಲ್ಲ ಎಂದು ಬರೆಯಿರಿ. ಮುಂದೆ ಇನ್ನೊಂದು ಅಂಗಡಿಯಿಂದ ಅದೇ ಬಗೆಯ ದೂರು ಬಂದಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ಸರಿಮಾಡಿದ ಆವೃತ್ತಿ ಬಂದಾಗ ಟಿಕೆಟಿನ ಅದೇ ನಾಲ್ಕು ಹಂತಗಳನ್ನು, ಅದೇ ಅಕ್ಷರ ಸಂಕೇತಗಳೊಂದಿಗೆ ನಡೆಸಿ, "ಆಗಬೇಕಾದದ್ದು" ಎರಡೂ ಕಡೆ ಬಂದರೆ ಮಾತ್ರ ಮುಚ್ಚಿ. ಜೊತೆಗೆ ನಡುವೆ ಆ ಅಕ್ಷರ ಇರುವ ಒಂದು ಹೆಸರನ್ನೂ ಸೇರಿಸಿ, ಅದು ಪರದೆಯ ಮೇಲೆ ಮೊದಲಿನಂತೆಯೇ ಕಾಣುತ್ತದೆಯೇ ನೋಡಿ. ಗದಗದಲ್ಲಿ ಆಗಲೇ ಇಬ್ಬರಾಗಿರುವ ಮಂಜುನಾಥರನ್ನು ಒಂದು ಮಾಡುವುದು ಈ ಟಿಕೆಟಿನಲ್ಲಿ ಸೇರುವುದಿಲ್ಲ. ಎರಡು ಖಾತೆಗಳ ಜಮೆ, ಬಾಕಿ ಕೂಡಿಸುವಾಗ ಅಂಗಡಿಯವರನ್ನು ಕೇಳದೆ ಮುಟ್ಟುವಂತಿಲ್ಲ. ಅದಕ್ಕೆ ಬೇರೆ ಟಿಕೆಟ್ ತೆರೆದು ಇದರ ಸಂಖ್ಯೆಯನ್ನು ಅದರಲ್ಲಿ ಬರೆಯಿರಿ.